ಎರಡಕ್ಕೆ ಒಂದು ಉಚಿತವೋ, ಶೇಕಡಾ 30 ರಿಯಾಯಿತಿಯೋ? ಫೋಟೊ ನೋಡಿ ಕಿಲೋ ದರ ಕಂಡುಹಿಡಿಯುವ ಕ್ರಮ



ನಮ್ಮ ಹೋಟೆಲುಗಳ ದಿನಸಿ ಖರೀದಿ ಈಗ ಅರ್ಧಕ್ಕರ್ಧ ಫೋನಿನ ಮೇಲೆ ನಡೆಯುತ್ತದೆ. ಮ್ಯಾನೇಜರ್ ಅಂಗಡಿಯಲ್ಲಿ ನಿಂತು ಆಫರಿನ ಬೋರ್ಡಿನ ಫೋಟೊ ತೆಗೆದು ಕಳಿಸುತ್ತಾನೆ. ಇನ್ನೊಂದು ಅಂಗಡಿಯಿಂದ ಇನ್ನೊಂದು ಫೋಟೊ ಬರುತ್ತದೆ. ಕೆಳಗೆ ಒಂದೇ ಸಾಲು, "ಯಾವುದು ತರಲಿ?" ಗಲ್ಲಾಪೆಟ್ಟಿಗೆಯ ಮೇಲೆ ಕುಳಿತವನು ಗಿರಾಕಿಗೆ ಚಿಲ್ಲರೆ ಕೊಡುತ್ತಲೇ ಎರಡು ನಿಮಿಷದಲ್ಲಿ ಉತ್ತರ ಹೇಳಬೇಕು. ಆಗ ಸಾಮಾನ್ಯವಾಗಿ ಗೆಲ್ಲುವುದು ಯಾವ ಬೋರ್ಡಿನಲ್ಲಿ ಅಕ್ಷರ ದೊಡ್ಡದಿದೆಯೋ ಅದು. ಕಡಿಮೆ ದರದ್ದೇ ಗೆಲ್ಲುತ್ತದೆ ಎಂದು ಹೇಳಲಾಗದು. ಆದ್ದರಿಂದ ಒಂದೇ ಒಂದು ಸಾಮಾನನ್ನು, ಅಂದರೆ ಟೊಮೆಟೊ ಕೆಚಪ್ಪನ್ನು ಹಿಡಿದುಕೊಂಡು, ಎರಡು ಫೋಟೊಗಳ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಮಾಡಿ ತೋರಿಸುತ್ತೇನೆ. ಬೇಕಾದದ್ದು ಫೋನಿನಲ್ಲಿರುವ ಕ್ಯಾಲ್ಕುಲೇಟರ್ ಮಾತ್ರ.

ಎರಡು ಫೋಟೊಗಳು

ನಮ್ಮ ಹೋಟೆಲು ವಡೋದರಾದ ಗೋರ್ವಾದಲ್ಲಿದೆ. ಇಡ್ಲಿ, ದೋಸೆಗೆ ಚಟ್ನಿ, ಸಾಂಬಾರು ಇದ್ದೇ ಇರುತ್ತದೆ. ಆದರೆ ಗುಜರಾತಿನ ಗಿರಾಕಿ ಸ್ಯಾಂಡ್‌ವಿಚ್, ಚೀಸ್ ದೋಸೆಗೆ ಕೆಚಪ್ ಕೇಳದೆ ಬಿಡುವುದಿಲ್ಲ, ಮಕ್ಕಳಂತೂ ಉತ್ತಪ್ಪಕ್ಕೂ ಕೇಳುತ್ತಾರೆ. ನಮ್ಮಲ್ಲಿ ವಾರಕ್ಕೆ ಸುಮಾರು ಒಂದೂಕಾಲು ಕಿಲೋ ಖರ್ಚು.

ಮೊದಲ ಫೋಟೊ ಗೋರ್ವಾದ್ದೇ ಒಂದು ಅಂಗಡಿಯದು. 900 ಗ್ರಾಮಿನ ಪೌಚು, ಎಂ.ಆರ್.ಪಿ. 120 ರೂ., ಎರಡು ಕೊಂಡರೆ ಒಂದು ಉಚಿತ. ಎರಡನೆಯದು ಅಲಕಾಪುರಿ ಕಡೆಯ ಅಂಗಡಿಯದು. ಬೇರೆ ಕಂಪೆನಿಯ 1 ಕಿಲೋ ಪೌಚು, ಎಂ.ಆರ್.ಪಿ. 125 ರೂ., ಶೇಕಡಾ 30 ರಿಯಾಯಿತಿ. ಎರಡು ಮಾಲೂ ನಮ್ಮಲ್ಲಿ ನಡೆಯುತ್ತವೆ, ಗಿರಾಕಿ ಬೇಡ ಎಂದಿಲ್ಲ.

ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದು ಹೀಗೆ: "ಅಣ್ಣ, ಎರಡಕ್ಕೆ ಒಂದು ಫ್ರೀ ಅಂದ್ರೆ ಅರ್ಧ ರಿಯಾಯಿತಿ ಆಯ್ತಲ್ಲ. ಮೂವತ್ತು ಪರ್ಸೆಂಟ್ ಯಾಕೆ ಬೇಕು?"

ಹಾಗೆ ತಿಳಿದವರು ಬಹಳ ಮಂದಿ ಇದ್ದಾರೆ. ಎರಡರ ಎದುರು ಒಂದು ಎಂದರೆ ಅರ್ಧ ಎಂದು ಕಣ್ಣಿಗೆ ಕಾಣುತ್ತದೆ. ಆದರೆ ನಾವು ಮನೆಗೆ ತರುವುದು ಎರಡಲ್ಲ, ಮೂರು. ಮೂರರಲ್ಲಿ ಒಂದಕ್ಕೆ ದುಡ್ಡು ಕೊಡುವುದಿಲ್ಲ. ಹಾಗಾಗಿ ರಿಯಾಯಿತಿ ಮೂರನೇ ಒಂದು ಪಾಲು, ಅಂದರೆ ಶೇಕಡಾ 33.33. ಅರ್ಧ ರಿಯಾಯಿತಿ ಆಗಬೇಕಾದರೆ ಒಂದಕ್ಕೆ ಒಂದು ಉಚಿತ ಕೊಡಬೇಕು.

ಹಾಗಾದರೆ 33ಕ್ಕಿಂತ 30 ಕಡಿಮೆ, ಮೊದಲ ಅಂಗಡಿಯೇ ಅಗ್ಗ ಎಂದು ತೀರ್ಮಾನಿಸಬಹುದೇ? ಎರಡೂ ಕಡೆ ಅದೇ ಕಂಪೆನಿಯ ಅದೇ ತೂಕದ ಪೌಚು, ಅದೇ ಎಂ.ಆರ್.ಪಿ. ಇದ್ದಿದ್ದರೆ ಹೌದು. ಇಲ್ಲಿ ತೂಕವೂ ಬೇರೆ, ಎಂ.ಆರ್.ಪಿ.ಯೂ ಬೇರೆ. ಬೇರೆ ಬೇರೆ ಬೆಲೆಯ ಮೇಲಿನ ಶೇಕಡಾವನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಎರಡನ್ನೂ ಕಿಲೋ ದರಕ್ಕೆ ಇಳಿಸಲೇಬೇಕು.

ಕಿಲೋ ದರದ ಲೆಕ್ಕ

ಕೇಳಬೇಕಾದ ಪ್ರಶ್ನೆ ಎರಡೇ. ಕೈಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ? ಒಟ್ಟು ಎಷ್ಟು ಕಿಲೋ ಮಾಲು ಬರುತ್ತದೆ? ರೂಪಾಯಿಯನ್ನು ಕಿಲೋದಿಂದ ಭಾಗಿಸಿದರೆ ಕಿಲೋ ದರ ಸಿಕ್ಕಿತು.

ಮೊದಲ ಅಂಗಡಿ: ಎರಡು ಪೌಚಿಗೆ 120 + 120 = 240 ರೂ. ಬರುವ ಮಾಲು 900 ಗ್ರಾಮಿನ ಮೂರು ಪೌಚು, ಅಂದರೆ 2.7 ಕಿಲೋ. 240 ÷ 2.7 = ಕಿಲೋಗೆ 88.89 ರೂ.

ಎರಡನೆಯ ಅಂಗಡಿ: 125ರ ಶೇಕಡಾ 30 ಎಂದರೆ 37.50. ಅದನ್ನು ಕಳೆದರೆ ಕೊಡುವುದು 87.50 ರೂ. ಬರುವ ಮಾಲು 1 ಕಿಲೋ. ಕಿಲೋಗೆ 87.50 ರೂ.

ಬೋರ್ಡಿನ ಮೇಲೆ ಹಿಂದೆ ಬಿದ್ದ ಶೇಕಡಾ 30, ಕಿಲೋ ದರದಲ್ಲಿ 1 ರೂ. 39 ಪೈಸೆ ಮುಂದೆ ಬಂತು. ಕಾರಣ ಸರಳ. ಮೊದಲ ಪೌಚಿನ ಎಂ.ಆರ್.ಪಿ.ಯನ್ನೇ ಕಿಲೋಗೆ ತಿರುಗಿಸಿದರೆ 120 ÷ 0.9 = 133.33 ರೂ. ಆಗುತ್ತದೆ. ಎರಡನೆಯದರದು 125. ಅಂದರೆ ಮೊದಲನೆಯದು ಓಟ ಶುರುವಾಗುವ ಮೊದಲೇ ಎಂಟು ರೂಪಾಯಿ ದುಬಾರಿ. 120, 125 ಎಂಬ ಎರಡು ಅಂಕಿಗಳನ್ನು ನೋಡಿದಾಗ ಕಣ್ಣಿಗೆ ಅಗ್ಗವಾಗಿ ಕಂಡದ್ದು 120. ಪೌಚಿನಲ್ಲಿ ನೂರು ಗ್ರಾಂ ಕಡಿಮೆ ಇದೆ ಎಂಬುದು ದೂರದಿಂದ ತೆಗೆದ ಫೋಟೊದಲ್ಲಿ ಕಾಣುವುದಿಲ್ಲ, ಎರಡು ಪೌಚುಗಳೂ ಎತ್ತರದಲ್ಲಿ ಒಂದೇ ತರಹ.

ಎರಡನೆಯ ಅಂಗಡಿ ರಿಯಾಯಿತಿಯನ್ನು ಎಲ್ಲಿಯವರೆಗೆ ಇಳಿಸಿದರೂ ಅದೇ ಅಗ್ಗ ಎಂದು ಲೆಕ್ಕ ಹಾಕಿ ನೋಡಿದೆ. ಶೇಕಡಾ 29 ಕೊಟ್ಟರೆ 88.75 ರೂ., ಆಗಲೂ ಕೂದಲೆಳೆಯಷ್ಟು ಅಗ್ಗ. ಶೇಕಡಾ 25ಕ್ಕೆ ಇಳಿದರೆ 93.75 ಆಗಿ ಮೊದಲ ಅಂಗಡಿ ಗೆಲ್ಲುತ್ತದೆ.

ಇನ್ನೊಂದು ಮಾತು. ಮೊದಲ ಅಂಗಡಿಯವರು ಆಫರ್ ಇಲ್ಲದ ದಿನ ಇದೇ ಪೌಚನ್ನು 105 ರೂಪಾಯಿಗೆ ಮಾರುತ್ತಾರೆ. ಆಫರಿನ ದಿನ ಬೆಲೆ ಪೂರ್ತಿ ಎಂ.ಆರ್.ಪಿ.ಗೆ ಏರಿ ನಿಂತಿದೆ. 105 ರೂಪಾಯಿಯ ದಿನ ಕಿಲೋ ದರ 116.67. ಅಲ್ಲಿಂದ 88.89ಕ್ಕೆ ಇಳಿದರೆ ನಮಗೆ ನಿಜವಾಗಿ ಸಿಗುವ ಉಳಿತಾಯ ಶೇಕಡಾ 24ರ ಹತ್ತಿರ, 33 ಅಲ್ಲ. ಅಂಗಡಿಯವರು ಎಂ.ಆರ್.ಪಿ. ಮೀರಿಲ್ಲ, ತಪ್ಪೇನೂ ಮಾಡಿಲ್ಲ. ನಾವು ಶೇಕಡಾ ನೋಡುವುದನ್ನು ಬಿಟ್ಟು ಕಿಲೋ ದರ ನೋಡಿದರೆ ಈ ಗೊಂದಲವೇ ಹುಟ್ಟುವುದಿಲ್ಲ.

ಫೋಟೊದಲ್ಲಿ ಏನೇನು ಇರಬೇಕು

ಲೆಕ್ಕ ಸುಲಭ, ಆದರೆ ಅಂಕಿಗಳು ಫೋಟೊದಲ್ಲಿ ಬರಬೇಕಲ್ಲ. ಬೋರ್ಡಿನ ಫೋಟೊ ಒಂದರಿಂದ ಕೆಲಸವಾಗದು. ಖರೀದಿಗೆ ಹೋಗುವ ಹುಡುಗನಿಗೆ ಪ್ರತಿ ಆಫರಿಗೆ ಮೂರು ಫೋಟೊ ತೆಗೆಯಲು ಹೇಳಿ.

ಒಂದು, ಬೋರ್ಡು ಪೂರ್ತಿಯಾಗಿ, ಕೆಳಗಿನ ಸಣ್ಣ ಅಕ್ಷರದ ಸಾಲು ಓದುವಂತೆ. ಅಲ್ಲಿ "ಒಂದು ಬಿಲ್ಲಿಗೆ ಒಂದು ಆಫರ್" ಎಂದೋ, "ಇಷ್ಟು ರೂಪಾಯಿಯ ಖರೀದಿಯ ಮೇಲೆ ಮಾತ್ರ" ಎಂದೋ ಇರಬಹುದು. ಗುಜರಾತಿ ಬೋರ್ಡಿನಲ್ಲಿ ಶೇಕಡಾ ಅಂಕಿಯ ಪಕ್ಕ ಚಿಕ್ಕದಾಗಿ "ಸುಧೀ" ಎಂದು ಬರೆದಿದೆಯೇ ನೋಡಬೇಕು. "30 ಟಕಾ ಸುಧೀ" ಎಂದರೆ 30ರ ವರೆಗೆ ಎಂದು ಅರ್ಥ, ನಾವು ಕೊಳ್ಳುವ ಮಾಲಿಗೆ 10 ಇದ್ದರೂ ಇರಬಹುದು. ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ ಗುಜರಾತಿ ಓದಲು ಬಾರದು. ಅವರಿಗೆ ಈ ಒಂದು ಶಬ್ದದ ಆಕಾರವನ್ನಾದರೂ ಬರೆದು ತೋರಿಸಿಡಿ.

ಎರಡು, ಪೌಚಿನ ಮೇಲೆ ನಿವ್ವಳ ತೂಕ ಬರೆದ ಜಾಗ. ಉಚಿತವಾಗಿ ಕೊಡುವ ಪೌಚಿನದ್ದೂ ಬೇರೆಯಾಗಿ ಬೇಕು. ಎರಡು ದೊಡ್ಡದಕ್ಕೆ ಒಂದು ಚಿಕ್ಕದು ಉಚಿತ ಕೊಡುವುದೂ ಉಂಟು. ನಮ್ಮ ಉದಾಹರಣೆಯಲ್ಲಿ ಉಚಿತ ಪೌಚು 400 ಗ್ರಾಮಿನದಾಗಿದ್ದರೆ ಒಟ್ಟು ಮಾಲು 2.2 ಕಿಲೋ ಮಾತ್ರ. 240 ÷ 2.2 = 109.09 ರೂ. ಬೋರ್ಡು ಅದೇ, ಕಿಲೋಗೆ ಇಪ್ಪತ್ತು ರೂಪಾಯಿ ಹೆಚ್ಚು.

ಮೂರು, ಎಂ.ಆರ್.ಪಿ. ಮತ್ತು ತಾರೀಕು ಅಚ್ಚಾದ ಜಾಗ. ತಾರೀಕು ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅಚ್ಚಾದ ಗ್ರಾಂ ದರವನ್ನು ನಂಬಬಹುದೇ?

"ಪೌಚಿನ ಮೇಲೆಯೇ ಗ್ರಾಮಿಗೆ ಇಷ್ಟು ಎಂದು ಅಚ್ಚು ಹಾಕಿರುತ್ತಾರೆ, ಲೆಕ್ಕ ಯಾಕೆ?" ಎಂದು ಕೆಲವರು ಕೇಳುತ್ತಾರೆ. ಹೌದು, ಪ್ಯಾಕ್ ಮಾಡಿದ ಸಾಮಾನುಗಳ ತೂಕ ಮತ್ತು ಅಳತೆಯ ನಿಯಮಗಳಿಗೆ 2021ರಲ್ಲಿ ಕೇಂದ್ರ ಸರಕಾರ ತಿದ್ದುಪಡಿ ಮಾಡಿ, ಎಂ.ಆರ್.ಪಿ. ಜೊತೆಗೆ ಒಂದು ಗ್ರಾಮಿನ ಅಥವಾ ಕಿಲೋದ ದರವನ್ನೂ ಮುದ್ರಿಸಬೇಕೆಂದು ಮಾಡಿತು. ಕಿಲೋಗಿಂತ ಕಡಿಮೆ ಇದ್ದರೆ ಗ್ರಾಮಿಗೆ, ಹೆಚ್ಚಿದ್ದರೆ ಕಿಲೋಗೆ. ಒಳ್ಳೆಯ ನಿಯಮವೇ. ಆದರೆ ಆಫರ್ ಹೋಲಿಸಲು ಅದು ಸಾಲದು, ಎರಡು ಕಾರಣಕ್ಕೆ.

ಮೊದಲನೆಯದು, ಅದು ಎಂ.ಆರ್.ಪಿ.ಯ ಮೇಲಿನ ದರ. ಆಫರ್ ಏನೆಂಬುದು ಪೌಚು ಅಚ್ಚಾಗುವಾಗ ಕಂಪೆನಿಗೆ ಗೊತ್ತಿರುವುದಿಲ್ಲ. ಎರಡನೆಯದು, ಆ ದರವನ್ನು ಎರಡು ದಶಾಂಶಕ್ಕೆ ನಿಲ್ಲಿಸುತ್ತಾರೆ. ನಮ್ಮ 900 ಗ್ರಾಮಿನ ಪೌಚಿಗೆ 120 ÷ 900 ಎಂದರೆ 0.1333. ಅಚ್ಚಾಗುವುದು ಗ್ರಾಮಿಗೆ 0.13 ರೂ. ಅದನ್ನು ಸಾವಿರದಿಂದ ಗುಣಿಸಿದರೆ ಕಿಲೋಗೆ 130 ಬರುತ್ತದೆ, ನಿಜವಾದದ್ದು 133.33. ಅಲ್ಲೇ 3 ರೂ. 33 ಪೈಸೆ ಬಿಟ್ಟುಹೋಯಿತು. ನಮ್ಮ ಎರಡು ಆಫರುಗಳ ನಡುವಿನ ವ್ಯತ್ಯಾಸ 1.39 ಮಾತ್ರ. ಬಿಟ್ಟುಹೋದದ್ದೇ ಅದರ ಎರಡು ಪಟ್ಟು! ಆದ್ದರಿಂದ ಕೊಟ್ಟ ದುಡ್ಡು, ಬಂದ ತೂಕ, ಇವೆರಡರಿಂದಲೇ ಲೆಕ್ಕ ಮಾಡಿ.

ಎಷ್ಟು ಪೌಚು ಬೇಕು?

ಶೇಕಡಾ ರಿಯಾಯಿತಿಯಲ್ಲಿ ಒಂದು ತೆಗೆದುಕೊಂಡರೂ ಹತ್ತು ತೆಗೆದುಕೊಂಡರೂ ದರ ಒಂದೇ. ಎರಡಕ್ಕೆ ಒಂದು ಹಾಗಲ್ಲ. ಮೂರು, ಆರು, ಒಂಬತ್ತು ಹೀಗೆ ಮೂರರ ಲೆಕ್ಕದಲ್ಲಿ ಕೊಂಡರೆ ಮಾತ್ರ ಪೂರ್ತಿ ಲಾಭ. ಅದೇ ಪೌಚಿನ ದರ ಎಷ್ಟು ಕೊಂಡರೆ ಎಷ್ಟು ಬೀಳುತ್ತದೆ ನೋಡಿ.

ಎರಡು ಪೌಚು: 240 ರೂ., 1.8 ಕಿಲೋ, ಕಿಲೋಗೆ 133.33
ಮೂರು ಪೌಚು: 240 ರೂ., 2.7 ಕಿಲೋ, ಕಿಲೋಗೆ 88.89
ನಾಲ್ಕು ಪೌಚು: 360 ರೂ., 3.6 ಕಿಲೋ, ಕಿಲೋಗೆ 100
ಐದು ಪೌಚು: 480 ರೂ., 4.5 ಕಿಲೋ, ಕಿಲೋಗೆ 106.67
ಆರು ಪೌಚು: 480 ರೂ., 5.4 ಕಿಲೋ, ಕಿಲೋಗೆ 88.89

ಐದಕ್ಕೂ ಆರಕ್ಕೂ ಕೊಡುವ ದುಡ್ಡು 480, ಒಂದೇ. ಆದರೂ ಚೀಟಿಯಲ್ಲಿ ಐದು ಎಂದು ಬರೆದಿದ್ದರೆ ಐದೇ ತಂದು ಇಡುವ ಹುಡುಗರಿದ್ದಾರೆ. ಹಾಗೆಯೇ ಐದು ಪೌಚು ಬಿಲ್ ಮಾಡಿದರೆ ಅಂಗಡಿಯ ಕಂಪ್ಯೂಟರ್ ತಾನಾಗಿ ಆರನೆಯದನ್ನು ಕೊಡುವುದಿಲ್ಲ. ಆರನೆಯದನ್ನೂ ತಂದು ಕೌಂಟರಿನ ಮೇಲೆ ಇಟ್ಟು ಬಿಲ್ಲಿಗೆ ಹಾಕಿಸಬೇಕು, ಆಗ ಅದರ ಬೆಲೆ ಕಳೆಯುತ್ತದೆ. ಬಿಲ್ಲಿನಲ್ಲಿ ಕಳೆದದ್ದು ಎರಡು ಪೌಚಿನ ಬೆಲೆ 240 ಹೌದೇ ಎಂದು ಅಲ್ಲೇ ನೋಡಿಕೊಂಡು ಬರಬೇಕು.

ಕೊಂಡ ಕಿಲೋವೋ, ಬಳಸಿದ ಕಿಲೋವೋ?

ಈಗ ತಾರೀಕಿನ ಮಾತು. ಅಂಗಡಿಯವರು ಮೂರು ಮೂರು ಕಟ್ಟಿ ಸಾಗಿಸಲು ನೋಡುವ ಮಾಲಿನಲ್ಲಿ ತಾರೀಕು ಹತ್ತಿರ ಬಂದದ್ದೂ ಇರುತ್ತದೆ. ಅದು ಕೆಟ್ಟ ಮಾಲು ಎಂದಲ್ಲ. ಆ ತಾರೀಕಿನೊಳಗೆ ಮುಗಿಸುವವನಿಗೆ ಅದು ಒಳ್ಳೆಯ ವ್ಯಾಪಾರವೇ. ಮುಗಿಸಲಾರದವನಿಗೆ ಲೆಕ್ಕ ತಿರುಗಿ ಬೀಳುತ್ತದೆ.

ಮೊದಲ ಅಂಗಡಿಯ ಪೌಚಿನ ತಾರೀಕಿಗೆ ಇನ್ನು ಐದು ವಾರ ಇದೆ ಎಂದು ಇಟ್ಟುಕೊಳ್ಳಿ. ಅಗ್ಗವಾಯಿತೆಂದು ಒಂಬತ್ತು ಪೌಚು ತಂದರೆ 720 ರೂ., ಮಾಲು 8.1 ಕಿಲೋ. ವಾರಕ್ಕೆ 1.25 ಕಿಲೋದಂತೆ ಐದು ವಾರಕ್ಕೆ ಖರ್ಚಾಗುವುದು 6.25 ಕಿಲೋ. ಉಳಿದ 1.85 ಕಿಲೋ ಅಂದರೆ ಎರಡು ಪೌಚಿಗಿಂತ ಹೆಚ್ಚು ಚೆಲ್ಲಬೇಕು. ತಾರೀಕು ಮೀರಿದ ಮಾಲನ್ನು ಗಿರಾಕಿಗೆ ಬಡಿಸುವ ಪ್ರಶ್ನೆಯೇ ಇಲ್ಲ, ತಪಾಸಣೆಯವರು ಬಂದಾಗ ಸ್ಟೋರಿನಲ್ಲಿ ಅದು ಕಂಡರೂ ಕಷ್ಟ. ಈಗ 720ನ್ನು ಬಳಸಿದ 6.25 ಕಿಲೋದಿಂದ ಭಾಗಿಸಿ: ಕಿಲೋಗೆ 115.20 ರೂ. ಆಫರ್ ಇಲ್ಲದ ದಿನದ 116.67ಕ್ಕೂ ಇದಕ್ಕೂ ಒಂದೂವರೆ ರೂಪಾಯಿಯ ಅಂತರವೂ ಉಳಿಯಲಿಲ್ಲ. ಆರೇ ಪೌಚು ತಂದಿದ್ದರೆ 5.4 ಕಿಲೋ ನಾಲ್ಕು ವಾರ ಎರಡು ದಿನಕ್ಕೆ ಮುಗಿದು, 88.89ರ ದರ ಉಳಿಯುತ್ತಿತ್ತು.

ಆದ್ದರಿಂದ ಭಾಗಿಸುವ ಅಂಕಿ ಕೊಂಡ ತೂಕವಾಗಿರಬಾರದು, ತಾರೀಕಿನೊಳಗೆ ಬಳಸಿ ಮುಗಿಸುವ ತೂಕವಾಗಿರಬೇಕು. ಇದಕ್ಕೆ ಪ್ರತಿ ಸಾಮಾನಿನ ವಾರದ ಖರ್ಚು ಗೊತ್ತಿರಬೇಕು. ಸ್ಟೋರಿನ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿಡಿ. ಸಾಮಾನಿನ ಹೆಸರು, ವಾರದ ಖರ್ಚು, ಈಗ ಕೊಳ್ಳುತ್ತಿರುವ ಕಿಲೋ ದರ, ಮೂರೇ ಕಲಂ. ಫೋಟೊ ಬಂದಾಗ ಆ ಪಟ್ಟಿಯ ಎದುರು ಇಟ್ಟು ನೋಡಿದರೆ ಸಾಕು.

ಬಳಸುವ ರೀತಿಯಿಂದಲೂ ಒಂದು ವ್ಯತ್ಯಾಸ ಬರುತ್ತದೆ. ಕೆಲವು ಕೆಚಪ್ ತೆಳ್ಳಗಿರುತ್ತದೆ, ಬಟ್ಟಲಿಗೆ ಹೆಚ್ಚು ಸುರಿಯುತ್ತದೆ. ಹೊಸ ಕಂಪೆನಿಯ ಮಾಲಾದರೆ ಮೊದಲು ಒಂದು ಪೌಚು ತಂದು, ಅದು ಎಷ್ಟು ಪ್ಲೇಟಿಗೆ ಬಂತು ಎಂದು ಒಂದು ದಿನ ಎಣಿಸಿ ನೋಡಿ. ಹಳೆಯದಕ್ಕಿಂತ ಬೇಗ ಮುಗಿದರೆ ಕಿಲೋ ದರದ ಒಂದೆರಡು ರೂಪಾಯಿಗೆ ಅರ್ಥವಿಲ್ಲ.

ತೆರಿಗೆ ಸೇರಿದೆಯೇ?

ಎಂ.ಆರ್.ಪಿ.ಯಲ್ಲಿ ಎಲ್ಲ ತೆರಿಗೆ ಸೇರಿಯೇ ಇರುತ್ತದೆ. ಆದರೆ ಹಾಥಿಖಾನಾದಂತಹ ಸಗಟು ಪೇಟೆಯಲ್ಲಿ ಕೇಳುವಾಗ ವ್ಯಾಪಾರಿ ಹೇಳುವ ದರ ಜಿ.ಎಸ್.ಟಿ. ಬಿಟ್ಟದ್ದೂ ಆಗಿರಬಹುದು. ಅವನು ಕಿಲೋಗೆ 84 ರೂ. ಎಂದರೆ ನಮ್ಮ 87.50ಕ್ಕಿಂತ ಅಗ್ಗ ಎನಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕೆಚಪ್ಪಿಗೆ ತೆರಿಗೆ ಶೇಕಡಾ 5. 84ಕ್ಕೆ 4.20 ಸೇರಿಸಿದರೆ 88.20 ರೂ. ಆಗ ಅದು ನಮ್ಮ ಎರಡು ಅಂಗಡಿಗಳ ನಡುವೆ ಬಂದು ಕೂರುತ್ತದೆ.

ನಮ್ಮಲ್ಲಿ ಹೆಚ್ಚಿನವರು ಶೇಕಡಾ 5ರ ಜಿ.ಎಸ್.ಟಿ.ಯಲ್ಲಿ ಹೋಟೆಲು ನಡೆಸುವವರು. ನಮಗೆ ಖರೀದಿಯ ಮೇಲೆ ಕೊಟ್ಟ ತೆರಿಗೆ ವಾಪಸು ಸಿಗುವುದಿಲ್ಲ, ಅದು ಖರ್ಚೇ. ಕಾಂಪೊಸಿಶನ್‌ನಲ್ಲಿ ಇರುವವರಿಗೂ ಹಾಗೆಯೇ. ಆದ್ದರಿಂದ ನಾವು ಹೋಲಿಸಬೇಕಾದದ್ದು ತೆರಿಗೆ ಸೇರಿದ ದರವನ್ನು. ತೆರಿಗೆ ವಾಪಸು ಪಡೆಯುವ ದೊಡ್ಡ ಹೋಟೆಲುಗಳವರು ಎರಡೂ ಕಡೆ ತೆರಿಗೆ ಬಿಟ್ಟು ಹೋಲಿಸಬೇಕು. ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಮಾತ್ರ ಲೆಕ್ಕ ಕೆಡುತ್ತದೆ.

ಕೊನೆಗೆ ಯಾವುದು ತರಬೇಕು?

ಕಿಲೋ ದರದಲ್ಲಿ ಅಲಕಾಪುರಿಯ ಶೇಕಡಾ 30 ಗೆದ್ದಿತು. ಹಾಗೆಂದು ಹುಡುಗನನ್ನು ಅಲ್ಲಿಗೆ ಓಡಿಸಬೇಕೇ? ವ್ಯತ್ಯಾಸವನ್ನು ಬೇಕಾದ ತೂಕದಿಂದ ಗುಣಿಸಿ ನೋಡಿ. ತಿಂಗಳಿಗೆ ಆರು ಕಿಲೋ ಎಂದರೂ 1.39 × 6 = 8 ರೂ. 34 ಪೈಸೆ. ಸ್ಕೂಟರಿನ ಪೆಟ್ರೋಲು, ಹುಡುಗನ ಒಂದು ಗಂಟೆ, ಇವುಗಳ ಎದುರು ಎಂಟು ರೂಪಾಯಿ ಏನೂ ಅಲ್ಲ. ಅದೇ ಗೋರ್ವಾದ ಅಂಗಡಿಯಲ್ಲಿ ಆಫರ್ ಇಲ್ಲದ ದಿನದ 116.67ಕ್ಕೆ ಹೋಲಿಸಿದರೆ ಎರಡು ಆಫರೂ ಕಿಲೋಗೆ 28 ರೂಪಾಯಿಯ ಹತ್ತಿರ ಉಳಿಸುತ್ತವೆ, ಆರು ಕಿಲೋಗೆ ಸುಮಾರು 170 ರೂ. ಹಾಗಾಗಿ ಇಲ್ಲಿ ಸರಿಯಾದ ಉತ್ತರ, ತಾರೀಕು ಸಾಕಷ್ಟು ದೂರ ಇದ್ದರೆ ಗೋರ್ವಾದಲ್ಲೇ ಆರು ಪೌಚು. ತಾರೀಕು ಹತ್ತಿರ ಇದ್ದರೆ, ಅಥವಾ ಹೇಗೂ ಬೇರೆ ಕೆಲಸಕ್ಕೆ ಅಲಕಾಪುರಿಗೆ ಹೋಗುವುದಿದ್ದರೆ, ಅಲ್ಲಿಂದ ಬೇಕಾದಷ್ಟೇ. ಎರಡು ಮೂರು ಪೌಚು ಸಾಕು ಎನ್ನುವ ಸಣ್ಣ ಕ್ಯಾಂಟೀನಿನವರಿಗೆ ಶೇಕಡಾ ರಿಯಾಯಿತಿಯೇ ಅನುಕೂಲ, ಮೂರರ ಕಟ್ಟುಪಾಡು ಅದರಲ್ಲಿಲ್ಲ.

ಇದೇ ಕ್ರಮ ಎಣಿಸುವ ಸಾಮಾನಿಗೂ ನಡೆಯುತ್ತದೆ. ಟಿಶ್ಯೂ ಪೇಪರಿಗೆ ಕಿಲೋ ಬದಲು ಹಾಳೆಯ ಲೆಕ್ಕ, ಪಾತ್ರೆ ತೊಳೆಯುವ ದ್ರವಕ್ಕೆ ಲೀಟರಿನ ಲೆಕ್ಕ. ಟಿಶ್ಯೂ ಕಟ್ಟಿನಲ್ಲಿ 80 ಹಾಳೆ ಇದೆಯೋ 100 ಇದೆಯೋ, ಹಾಳೆ ಒಂದು ಪದರದ್ದೋ ಎರಡು ಪದರದ್ದೋ ಎಂಬುದು ಫೋಟೊದಲ್ಲಿ ಬರುವಂತೆ ನೋಡಿಕೊಳ್ಳಿ. ಈ ವಾರ ನಿಮ್ಮ ಸ್ಟೋರಿನಲ್ಲಿ ಆಫರಿನಲ್ಲಿ ಬಂದ ಒಂದು ಸಾಮಾನನ್ನು ತೆಗೆದು, ಹಳೆಯ ಬಿಲ್ಲು ಹಿಡಿದು ಮ್ಯಾನೇಜರ್ ಕೈಯಲ್ಲೇ ಕಿಲೋ ದರ ಹಾಕಿಸಿ. ಒಂದು ಸಲ ತಾನೇ ಭಾಗಿಸಿ ನೋಡಿದ ಹುಡುಗ ಮುಂದಿನ ಫೋಟೊದ ಕೆಳಗೆ "ಯಾವುದು ತರಲಿ?" ಎಂದು ಬರೆಯುವ ಬದಲು ಎರಡು ದರ ಬರೆದು ಕಳಿಸುತ್ತಾನೆ.